ಒಂದೇ ಸರ್ವ್ ಸಾಲಾಗಿಯೋ, ಮೂರೂ ಕಲಸಿಯೋ?

(ಬ್ಯಾಡ್ಮಿಂಟನ್ ಕೋಚ್‌ಗಳು ಮತ್ತು ಶಾಲೆಗಳ ಪಿಇ ಟೀಚರ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಗ್ರಿಪ್ ಬಗ್ಗೆ, ಫುಟ್‌ವರ್ಕ್ ಬಗ್ಗೆ, ಫಿಟ್‌ನೆಸ್ ಬಗ್ಗೆ ಮಾತಾಡುವುದಿಲ್ಲ. ಅವನ್ನೆಲ್ಲ ನೀವು ದಿನಾ ಮಾಡಿಸುತ್ತೀರಿ. ನನ್ನ ಮಾತು ಸರದಿಯ ಬಗ್ಗೆ ಮಾತ್ರ. ಯಾವ ಹೊಡೆತದ ನಂತರ ಯಾವ ಹೊಡೆತ ಹೊಡೆಸುತ್ತೀರಿ, ಅಷ್ಟೇ.

ಒಂದು ಹುಡುಗಿಗೆ ಶಾರ್ಟ್ ಸರ್ವ್, ಫ್ಲಿಕ್ ಸರ್ವ್, ಡ್ರೈವ್ ಸರ್ವ್ ಮೂರನ್ನೂ ಕಲಿಸಬೇಕು ಅಂದುಕೊಳ್ಳಿ. ಬುಟ್ಟಿಯಲ್ಲಿ 60 ಶಟಲ್ ಇವೆ. ಮೊದಲು 20 ಶಾರ್ಟ್, ಆಮೇಲೆ 20 ಫ್ಲಿಕ್, ಆಮೇಲೆ 20 ಡ್ರೈವ್ ಹೊಡೆಸಬಹುದು. ಇದು ಬ್ಲಾಕ್ ಪ್ರಾಕ್ಟೀಸ್. ಅದೇ 60 ಶಟಲನ್ನು ಶಾರ್ಟ್, ಡ್ರೈವ್, ಫ್ಲಿಕ್, ಮತ್ತೆ ಡ್ರೈವ್, ಶಾರ್ಟ್ ಅಂತ ಗೊತ್ತುಗುರಿ ಇಲ್ಲದ ಸರದಿಯಲ್ಲೂ ಹೊಡೆಸಬಹುದು. ಇದು ರ್ಯಾಂಡಮ್ ಪ್ರಾಕ್ಟೀಸ್. ಶಟಲ್ ಎರಡರಲ್ಲೂ ಅಷ್ಟೇ, ಪ್ರತಿ ಸರ್ವ್‌ಗೆ ಸಿಗುವ ಪಾಲೂ ಅಷ್ಟೇ. ಸರದಿ ಮಾತ್ರ ಬೇರೆ.

ಸರದಿ ಬದಲಾದರೆ ಏನಾಗುತ್ತದೆ ಅಂತ ಮೊದಲು ಚೊಕ್ಕವಾಗಿ ನೋಡಿದ್ದು 1979ರಲ್ಲಿ, ಅಮೆರಿಕದ ಜಾನ್ ಶೇ ಮತ್ತು ರಾಬಿನ್ ಮಾರ್ಗನ್. ಆಟದ ಮೈದಾನದಲ್ಲಲ್ಲ, ಲ್ಯಾಬ್‌ನಲ್ಲಿ. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು, ಮುಂದೆ ನಿಲ್ಲಿಸಿದ ಮರದ ಹಲಗೆಗಳನ್ನು ಹೇಳಿದ ಕ್ರಮದಲ್ಲಿ ಬೇಗ ಬೇಗ ಬೀಳಿಸಬೇಕು. ಅಂಥ ಮೂರು ಕ್ರಮಗಳು, ಒಂದೊಂದಕ್ಕೆ 18 ಸಲ, ಒಟ್ಟು 54 ಸಲ. ಒಂದು ಗುಂಪು ಒಂದು ಕ್ರಮವನ್ನು ಮುಗಿಸಿಯೇ ಮುಂದಿನದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಬ್ಲಾಕ್ ಗುಂಪು ಎದ್ದು ಕಾಣುವಷ್ಟು ವೇಗವಾಗಿತ್ತು. ಆದರೆ ಹತ್ತು ನಿಮಿಷ ಬಿಟ್ಟು, ಮತ್ತೆ ಹತ್ತು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ರ್ಯಾಂಡಮ್ ಗುಂಪು ಮುಂದಿತ್ತು. ಪರೀಕ್ಷೆಯನ್ನೇ ಕಲಸಿ ಕೊಟ್ಟಾಗಲಂತೂ ಬ್ಲಾಕ್ ಗುಂಪು ತೀರಾ ಹಿಂದೆ ಬಿತ್ತು.

ಹಲಗೆ ಬೀಳಿಸುವುದಕ್ಕೂ ನಮ್ಮ ಆಟಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಿಜ. ಆದರೆ 1986ರಲ್ಲಿ ಸಿನಾ ಗೂಡ್ ಮತ್ತು ರಿಚರ್ಡ್ ಮಗಿಲ್ ಇದನ್ನು ನೇರ ನಮ್ಮ ಅಂಗಳಕ್ಕೇ ತಂದರು. ಬ್ಯಾಡ್ಮಿಂಟನ್ ಆಡಿ ಗೊತ್ತಿಲ್ಲದ ಕಾಲೇಜು ಹುಡುಗಿಯರು. ಶಾರ್ಟ್, ಲಾಂಗ್, ಡ್ರೈವ್ ಅಂತ ಮೂರು ಸರ್ವ್. ವಾರಕ್ಕೆ ಮೂರು ದಿನದಂತೆ ಮೂರು ವಾರ, ದಿನಕ್ಕೆ 36 ಸರ್ವ್. ಒಬ್ಬೊಬ್ಬರಿಗೆ ಒಟ್ಟು 324. ಬ್ಲಾಕ್ ಗುಂಪಿನವರಿಗೆ ಒಂದು ದಿನ ಒಂದೇ ಬಗೆ. ರ್ಯಾಂಡಮ್ ಗುಂಪಿನವರಿಗೆ ಪ್ರತಿ ದಿನವೂ ಮೂರೂ ಕಲಸಿ. ಎಲ್ಲರೂ ಅಭ್ಯಾಸ ಮಾಡಿದ್ದು ಬಲಗಡೆಯ ಸರ್ವಿಸ್ ಕೋರ್ಟ್‌ನಿಂದ. ಅಭ್ಯಾಸ ಮುಗಿದ ಮೇಲೆ ಅಲ್ಲಿಂದಲೇ ಒಂದು ಪರೀಕ್ಷೆ, ಆಮೇಲೆ ಯಾರೂ ಅಭ್ಯಾಸ ಮಾಡದ ಎಡಗಡೆಯಿಂದ ಇನ್ನೊಂದು. ಎರಡರಲ್ಲೂ ರ್ಯಾಂಡಮ್ ಗುಂಪೇ ಮೇಲು. ಎಡಗಡೆಗೆ ಹೋದಾಗ ಬ್ಲಾಕ್ ಗುಂಪಿನವರ ಸರ್ವ್ ಕೆಟ್ಟಿತು. ರ್ಯಾಂಡಮ್ ಗುಂಪಿನವರದು ಹೆಚ್ಚು ಅಲುಗಾಡಲಿಲ್ಲ.

ನನಗೆ ಇದರಲ್ಲಿ ಇಷ್ಟವಾಗುವುದು ಆ ಎಡಗಡೆಯ ಪರೀಕ್ಷೆ. ಪಂದ್ಯದಲ್ಲಿ ಒಂದು ಪಾಯಿಂಟ್ ಗೆದ್ದ ಕೂಡಲೇ ನಮ್ಮ ಮಕ್ಕಳು ಆ ಕಡೆಗೆ ಹೋಗಲೇಬೇಕು, ಅಲ್ವಾ?

ಈಗ ಕಾರಣಕ್ಕೆ ಬರೋಣ. ಗಣಿತ ಪುಸ್ತಕದಲ್ಲಿ ಪಾಠದ ಕೊನೆಗೆ ಹತ್ತು ಲೆಕ್ಕ ಇರುತ್ತವೆ. ಪಾಠ ಬಡ್ಡಿಯದ್ದಾದರೆ ಹತ್ತೂ ಬಡ್ಡಿ ಲೆಕ್ಕ. ಎರಡನೇ ಲೆಕ್ಕದಿಂದಾಚೆಗೆ ಹುಡುಗ ಪ್ರಶ್ನೆ ಓದುವುದೇ ಇಲ್ಲ, ಅಂಕಿ ತೆಗೆದು ಸೂತ್ರಕ್ಕೆ ಹಾಕುತ್ತಾನೆ. ಹತ್ತೂ ಸರಿ. ಪರೀಕ್ಷೆಯಲ್ಲಿ ಬಡ್ಡಿ, ಲಾಭ ನಷ್ಟ, ಕಾಲ ಕೆಲಸ ಎಲ್ಲ ಬೆರೆತು ಬಂದಾಗ ಯಾವುದಕ್ಕೆ ಯಾವ ಸೂತ್ರ ಅಂತಲೇ ತಿಳಿಯುವುದಿಲ್ಲ. ಸೂತ್ರ ಅವನಿಗೆ ಬರುತ್ತದೆ. ಅದನ್ನು ಆರಿಸಿ ಹೊರತೆಗೆಯುವ ಅಭ್ಯಾಸ ಮಾತ್ರ ಅವನಿಗೆ ಒಮ್ಮೆಯೂ ಆಗಿಲ್ಲ.

ಸರ್ವ್ ಕಥೆಯೂ ಹಾಗೆಯೇ. ಸಾಲಾಗಿ ಹದಿನೈದನೇ ಶಾರ್ಟ್ ಸರ್ವ್ ಹೊಡೆಯುವಾಗ ಹುಡುಗಿ ಏನನ್ನೂ ಹೊಸದಾಗಿ ಯೋಚಿಸುವುದಿಲ್ಲ. ಹದಿನಾಲ್ಕನೆಯದು ಕೈಯಲ್ಲಿ ಇನ್ನೂ ಬಿಸಿಯಾಗಿದೆ. ಅದು ಸ್ವಲ್ಪ ಮೇಲೆ ಹೋಗಿದ್ದರೆ ಈ ಸಲ ಒಂಚೂರು ತಗ್ಗಿಸುತ್ತಾಳೆ. ನಡುವೆ ಒಂದು ಫ್ಲಿಕ್, ಒಂದು ಡ್ರೈವ್ ಬಂದುಬಿಟ್ಟರೆ ಆ ಬಿಸಿ ಆರಿಹೋಗಿರುತ್ತದೆ. ಮತ್ತೆ ಶಾರ್ಟ್ ಹೊಡೆಯಬೇಕಾದರೆ ರ್‍ಯಾಕೆಟ್ ಎಲ್ಲಿಂದ ಶುರು, ಬೆರಳಿಗೆ ಎಷ್ಟು ಒತ್ತಡ, ಶಟಲನ್ನು ಎಲ್ಲಿ ಬಿಡಬೇಕು ಅನ್ನುವುದನ್ನು ತಲೆಯಿಂದ ಮತ್ತೆ ಕಟ್ಟಬೇಕು. ಹೀಗೆ ಮರೆತು ಮತ್ತೆ ಕಟ್ಟುವ ಕೆಲಸದಲ್ಲೇ ಕಲಿಕೆ ಗಟ್ಟಿಯಾಗುತ್ತದೆ ಅನ್ನುವುದು ತಿಮೊತಿ ಲೀ ಮತ್ತು ಮಗಿಲ್ ಕೊಟ್ಟ ವಿವರಣೆ. ಶೇ ಕಡೆಯವರದು ಸ್ವಲ್ಪ ಬೇರೆ: ಮೂರೂ ಒಟ್ಟಿಗೆ ತಲೆಯಲ್ಲಿ ಇದ್ದಾಗ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ ಅಂತ. ಕೋರ್ಟ್ ಬದಿಯಲ್ಲಿ ನಿಂತ ನನಗೆ ಎರಡೂ ನಿಜ ಅನ್ನಿಸುತ್ತದೆ. ಜಗಳ ಅವರಿಗಿರಲಿ.

ಪಂದ್ಯದಲ್ಲಿ ಒಂದು ಸರ್ವ್ ಆದ ಮೇಲೆ ರ್‍ಯಾಲಿ ನಡೆಯುತ್ತದೆ. ಓಡಾಟ, ಸ್ಮ್ಯಾಶ್, ನೆಟ್, ಉಸಿರಾಟ. ಆಮೇಲೆ ಇನ್ನೊಂದು ಸರ್ವ್. ಸಾಲಾಗಿ ಇಪ್ಪತ್ತು ಸರ್ವ್ ಹೊಡೆಯುವ ಅವಕಾಶ ಯಾವ ಪಂದ್ಯದಲ್ಲೂ ಯಾರಿಗೂ ಸಿಗುವುದಿಲ್ಲ. ಪ್ರತಿ ಸರ್ವ್ ಕೂಡ ಒಂದು ರೀತಿಯಲ್ಲಿ ಮೊದಲ ಸರ್ವ್.

ಇಷ್ಟು ಕೇಳಿದ ಮೇಲೆ ನಾಳೆಯಿಂದ ಎಲ್ಲವನ್ನೂ ಕಲಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಲ್ಯಾಬ್‌ನಲ್ಲಿ ಕಂಡಷ್ಟು ದೊಡ್ಡ ಲಾಭ ಆಟದ ಅಂಗಳದಲ್ಲಿ ಕಾಣುವುದಿಲ್ಲ. 2004ರಲ್ಲಿ ಫ್ರಾಂಕ್ ಬ್ರೇಡಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ನಿಜವಾದ ಆಟದ ಕೌಶಲಗಳಲ್ಲಿ ಲಾಭ ಲ್ಯಾಬ್‌ಗಿಂತ ಬಹಳ ಚಿಕ್ಕದು ಅಂತ ಬಂತು. ಮಕ್ಕಳಲ್ಲಿ, ತೀರಾ ಹೊಸಬರಲ್ಲಿ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ. ಇದು ನನಗೆ ಆಶ್ಚರ್ಯ ತರುವುದಿಲ್ಲ. ಹಲಗೆ ಬೀಳಿಸಲು ಯಾರಿಗಾದರೂ ಕೈ ಬರುತ್ತದೆ. ಬ್ಯಾಕ್‌ಹ್ಯಾಂಡ್ ಶಾರ್ಟ್ ಸರ್ವ್‌ಗೆ ಮೊದಲು ಒಂದು ಆಕಾರ ಬರಬೇಕು.

ಆಕಾರವೇ ಬರದಿದ್ದಾಗ ಕಲಸಿದರೆ ಏನಾಗುತ್ತದೆ ಅಂತ ನೀವೂ ನೋಡಿರುತ್ತೀರಿ. ಶಾರ್ಟ್ ಹೊಡೆದರೆ ನೆಟ್‌ಗೆ, ಫ್ಲಿಕ್ ಹೊಡೆದರೆ ಅರ್ಧಕ್ಕೇ ಬಿದ್ದು ಎದುರಾಳಿಯ ಸ್ಮ್ಯಾಶ್‌ಗೆ, ಡ್ರೈವ್ ಹೊಡೆದರೆ ಹೊರಗೆ. ಮುಂದಿನ ಶಟಲ್‌ಗೆ ಮತ್ತೆ ಬೇರೆ ಸರ್ವ್. ಈಗ ಆದ ತಪ್ಪನ್ನು ತಿದ್ದಲು ಅವಳಿಗೆ ಅವಕಾಶವೇ ಸಿಗಲಿಲ್ಲ. ಮತ್ತೆ ಕಟ್ಟಬೇಕು ಅಂದೆನಲ್ಲ, ಮತ್ತೆ ಕಟ್ಟಲು ಮೊದಲು ಏನೋ ಒಂದು ಇರಬೇಕು. ಇಲ್ಲಿ ಬ್ಲಾಕ್ ಬೇಕೇ ಬೇಕು.

ಹಾಗಾದರೆ ಬ್ಲಾಕ್ ಎಲ್ಲಿ ಬಿಡಬೇಕು? ಇವತ್ತು ನಾನು ಹೇಳಬೇಕಾದ ಮಾತಿನ ಬಹುಪಾಲು ಇದೇ. ಒಬ್ಬ ಹುಡುಗಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹದಿಮೂರು ವರ್ಷ, ಡಬಲ್ಸ್ ಶುರು ಮಾಡಿದ್ದಾಳೆ, ಇಲ್ಲಿಯವರೆಗೆ ಫೋರ್‌ಹ್ಯಾಂಡ್‌ನಲ್ಲಿ ಎತ್ತರದ ಸರ್ವ್ ಮಾತ್ರ ಗೊತ್ತು. ಅವಳಿಗೆ ಬ್ಯಾಕ್‌ಹ್ಯಾಂಡ್ ಶಾರ್ಟ್ ಮತ್ತು ಫ್ಲಿಕ್ ಎರಡನ್ನು ಕಲಿಸೋಣ. ಡ್ರೈವ್ ಆಮೇಲೆ.

ಮೊದಲು ಅಂಗಳದ ತಯಾರಿ. ನೆಟ್ ನಡುವೆ 1.524 ಮೀಟರ್ ಎತ್ತರ. ಅದರ ಮೇಲೆ ಸುಮಾರು 30 ಸೆಂಟಿಮೀಟರ್ ಬಿಟ್ಟು, ಎರಡೂ ಕಂಬಕ್ಕೆ ಕೋಲು ಕಟ್ಟಿ ಒಂದು ದಾರ ಎಳೆಯಿರಿ. ಶಾರ್ಟ್ ಸರ್ವ್ ನೆಟ್‌ಗೂ ದಾರಕ್ಕೂ ನಡುವೆ ಹೋಗಬೇಕು. ನೆಟ್‌ನಿಂದ 1.98 ಮೀಟರ್ ದೂರದಲ್ಲಿ ಶಾರ್ಟ್ ಸರ್ವಿಸ್ ಲೈನ್ ಇದೆ. ಅದರಾಚೆ ಒಂದು ಮೊಳದಷ್ಟು ಜಾಗಕ್ಕೆ ಟೇಪ್ ಹಚ್ಚಿ. ಫ್ಲಿಕ್‌ಗೆ ಹಿಂದೆ, ಡಬಲ್ಸ್‌ನ ಲಾಂಗ್ ಸರ್ವಿಸ್ ಲೈನ್‌ನ ಒಳಗಡೆ ಇನ್ನೊಂದು ಪಟ್ಟಿ. ಆ ಲೈನ್ ಬೇಸ್‌ಲೈನ್‌ಗಿಂತ 76 ಸೆಂಟಿಮೀಟರ್ ಮುಂದೆ ಇದೆ, ಮಕ್ಕಳು ಇದನ್ನು ಮರೆಯುತ್ತಾರೆ. ಇನ್ನೊಂದು ಕೋಲಿಗೆ 1.15 ಮೀಟರ್‌ನಲ್ಲಿ ಗುರುತು ಹಾಕಿ ಪಕ್ಕದಲ್ಲಿ ನಿಲ್ಲಿಸಿ. ರ್‍ಯಾಕೆಟ್ ತಾಗುವಾಗ ಶಟಲ್ ಪೂರ್ತಿ ಅದಕ್ಕಿಂತ ಕೆಳಗಿರಬೇಕು, 2018ರಿಂದ ದೊಡ್ಡ ಟೂರ್ನಮೆಂಟ್‌ಗಳಲ್ಲಿ ನೋಡುವ ಎತ್ತರ ಅದು. ಈಗಲೇ ಅಭ್ಯಾಸವಾದರೆ ಮುಂದೆ ಕಷ್ಟವಿಲ್ಲ.

ಮೊದಲ ಒಂದೆರಡು ವಾರ ಶಾರ್ಟ್ ಮಾತ್ರ. ಪೂರ್ತಿ ಬ್ಲಾಕ್. ಹೆಬ್ಬೆರಳು ಹಿಡಿಯ ಅಗಲ ಭಾಗದ ಮೇಲೆ, ಶಟಲನ್ನು ಗರಿ ಹಿಡಿದು ರ್‍ಯಾಕೆಟ್ ಮುಂದೆ, ಹೊಡೆಯದೆ ತಳ್ಳಬೇಕು. ಒಂದೇ ಹೊಡೆತ ಸಾಲಾಗಿ ಬಂದಾಗ ಹಿಂದಿನದಕ್ಕೂ ಇದಕ್ಕೂ ಹೋಲಿಸಿ ನೋಡಬಹುದು. ಆಕಾರ ಮೂಡುವುದು ಹಾಗೆ. ಇಲ್ಲಿ ನನ್ನ ಕಣ್ಣು ಇರುವುದು ಎಷ್ಟು ಸರಿ ಹೋದವು ಅನ್ನುವುದರ ಮೇಲಲ್ಲ, ತಪ್ಪಿದವು ಎಲ್ಲಿಗೆ ಹೋದವು ಅನ್ನುವುದರ ಮೇಲೆ. ಒಂದು ನೆಟ್‌ಗೆ, ಒಂದು ದಾರದ ಮೇಲೆ ಎರಡಡಿ, ಒಂದು ಬದಿಗೆ. ಹೀಗೆ ಚೆಲ್ಲಾಪಿಲ್ಲಿಯಾದರೆ ಆಕಾರ ಇನ್ನೂ ಬಂದಿಲ್ಲ. ತಪ್ಪಿದ್ದೆಲ್ಲ ದಾರಕ್ಕೆ ಒಂಚೂರು ಮೇಲೆಯೇ ಹೋಗುತ್ತಿದ್ದರೆ ಆಕಾರ ಬಂದಿದೆ, ಅಳತೆ ಸರಿಯಾಗಬೇಕು ಅಷ್ಟೇ. ಜೊತೆಗೆ ಅವಳನ್ನೇ ಕೇಳುತ್ತೇನೆ, "ಇದು ಯಾಕೆ ಮೇಲೆ ಹೋಯಿತು?" ಅಂತ. "ಗೊತ್ತಿಲ್ಲ ಸರ್" ಅಂದರೆ ಬ್ಲಾಕ್ ಮುಂದುವರಿಯಲಿ. "ಬೇಗ ಬಿಟ್ಟೆ ಸರ್, ತೀರಾ ಕೆಳಗೆ ತಾಗಿತು" ಅಂದರೆ ಮುಂದಕ್ಕೆ ಹೋಗುವ ಹೊತ್ತು. ಹತ್ತರಲ್ಲಿ ಆರೇಳು ಒಳಗೆ ಹೋಗುತ್ತಿದ್ದರೆ ಸಾಕು. ಹತ್ತಕ್ಕೆ ಹತ್ತು ಬರಲಿ ಅಂತ ಕಾಯುವುದು ತುಂಬಾ ಕೋಚ್‌ಗಳು ಮಾಡುವ ತಪ್ಪು. ಅದು ಬರುವುದು ತಡ, ಬಂದರೂ ಆ ಸಾಲಿನೊಳಗೆ ಮಾತ್ರ ನಿಲ್ಲುತ್ತದೆ.

ಆಮೇಲೆ ಫ್ಲಿಕ್ ಸೇರಿಸಿ. ಅದಕ್ಕೂ ಒಂದೆರಡು ದಿನ ಬ್ಲಾಕ್ ಬೇಕು, ಕಮ್ಮಿ. ಹಿಡಿತ ಅದೇ, ನಿಲುವು ಅದೇ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಮತ್ತು ಬೆರಳು ಮಾತ್ರ ಬೇರೆ.

ಈಗ ಐದು ಶಾರ್ಟ್, ಐದು ಫ್ಲಿಕ್, ಮತ್ತೆ ಐದು ಶಾರ್ಟ್. ಚಿಕ್ಕ ಚಿಕ್ಕ ಬ್ಲಾಕ್. ಮೊದಲ ಶಟಲ್ ತಪ್ಪುತ್ತದೆ, ಎರಡನೆಯದು ಹತ್ತಿರ ಬರುತ್ತದೆ, ಮೂರನೆಯದು ಸರಿ. ನಿಮ್ಮ ಪುಸ್ತಕದಲ್ಲಿ ಬರೆಯಬೇಕಾದ್ದು ಪ್ರತಿ ಐದರ ಮೊದಲ ಶಟಲ್ ಮಾತ್ರ. ಉಳಿದ ನಾಲ್ಕನ್ನು ಬಿಟ್ಟುಬಿಡಿ. ಮೊದಲ ಶಟಲ್‌ಗಳಲ್ಲಿ ಅರ್ಧದಷ್ಟು ಒಳಗೆ ಹೋಗಲು ಶುರುವಾದಾಗ ಐದನ್ನು ಎರಡಕ್ಕೆ ಇಳಿಸಿ. ಆಮೇಲೆ ಒಂದು ಶಾರ್ಟ್, ಒಂದು ಫ್ಲಿಕ್, ಸರದಿ ತಪ್ಪದಂತೆ. ಅದೂ ಒಗ್ಗಿದ ಮೇಲೆ ಪೂರ್ತಿ ರ್ಯಾಂಡಮ್. ಚೀಟಿ ಕಲಸಿ ಇಟ್ಟುಕೊಳ್ಳಿ, ಮಕ್ಕಳು ಚೀಟಿ ಎತ್ತಿ ಹೊಡೆಯಲಿ. ನೀವೇ ಮನಸ್ಸಿಗೆ ಬಂದಂತೆ ಹೇಳಿದರೆ ಗೊತ್ತಿಲ್ಲದೆ ಒಂದು ಲಯ ಬಂದುಬಿಡುತ್ತದೆ, ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ.

ಈ ಏಣಿ ನನ್ನ ಕಲ್ಪನೆಯದಲ್ಲ. 2010ರಲ್ಲಿ ಜೇರೆಡ್ ಪೋರ್ಟರ್ ಮತ್ತು ಮಗಿಲ್ ಹೊಸಬರ ಗಾಲ್ಫ್ ಪಟಿಂಗ್ ಮತ್ತು ಬ್ಯಾಸ್ಕೆಟ್‌ಬಾಲ್ ಪಾಸ್ ಮೇಲೆ ಇದನ್ನೇ ಮಾಡಿ ನೋಡಿದರು. ಬ್ಲಾಕ್‌ನಿಂದ ಶುರು, ನಡುವೆ ಸರದಿ ಪ್ರಕಾರ, ಕೊನೆಗೆ ರ್ಯಾಂಡಮ್. ಶುರುವಿನಿಂದ ಕೊನೆಯವರೆಗೆ ಬರೀ ಬ್ಲಾಕ್ ಮಾಡಿದವರಿಗಿಂತಲೂ, ಬರೀ ರ್ಯಾಂಡಮ್ ಮಾಡಿದವರಿಗಿಂತಲೂ ಹೀಗೆ ಮೆಟ್ಟಿಲು ಹತ್ತಿದವರು ಚೆನ್ನಾಗಿ ಕಲಿತರು.

ಕೊನೆಯ ಮೆಟ್ಟಿಲು ಒಂದಿದೆ, ಅದನ್ನು ಹೆಚ್ಚಿನವರು ಹತ್ತುವುದೇ ಇಲ್ಲ. ಚೀಟಿ ನೋಡಿ ಹೊಡೆಯುವಾಗ ಯಾವ ಸರ್ವ್ ಅಂತ ನಿರ್ಧರಿಸಿದ್ದು ಚೀಟಿ. ಪಂದ್ಯದಲ್ಲಿ ಅದನ್ನು ಹೇಳುವುದು ಎದುರಿಗೆ ನಿಂತ ರಿಸೀವರ್‌ನ ಕಾಲು. ಅದಕ್ಕೇ ಚೀಟಿ ತೆಗೆದುಹಾಕಿ, ಎದುರಿಗೆ ಒಬ್ಬಳನ್ನು ನಿಲ್ಲಿಸಿ. ಅವಳು ಕೆಲವು ಸಲ ಲೈನ್‌ಗೆ ಅಂಟಿ, ತೂಕ ಮುಂಗಾಲಿಗೆ ಹಾಕಿ, ರ್‍ಯಾಕೆಟ್ ಎತ್ತಿ ನಿಲ್ಲಲಿ. ಕೆಲವು ಸಲ ಅರ್ಧ ಹೆಜ್ಜೆ ಹಿಂದೆ ನಿಲ್ಲಲಿ. ಮುಂದೆ ಬಗ್ಗಿದವಳಿಗೆ ಫ್ಲಿಕ್, ಹಿಂದೆ ನಿಂತವಳಿಗೆ ಶಾರ್ಟ್. ಸರ್ವ್ ಆದ ಮೇಲೆ ಮೂರು ಹೊಡೆತದ ರ್‍ಯಾಲಿ ಆಡಿ, ಆಮೇಲೆ ಮುಂದಿನ ಸರ್ವ್. ಶಟಲ್ ಎಣಿಕೆ ಇಳಿಯುತ್ತದೆ, 60 ಇದ್ದದ್ದು 25 ಆಗಬಹುದು. ಇಳಿಯಲಿ ಬಿಡಿ.

ಇಲ್ಲಿ ಇನ್ನೊಂದು ಮಾತು. ಏನನ್ನು ಏನರ ಜೊತೆ ಕಲಸಬೇಕು? ಸರ್ವ್, ಸ್ಮ್ಯಾಶ್, ನೆಟ್ ಕಿಲ್, ಎಲ್ಲ ಬೆರೆಸಿ ಹೊಡೆಸಿದರೆ ನೋಡಲು ಗದ್ದಲವೇ ಹೊರತು ನನ್ನ ಲೆಕ್ಕದಲ್ಲಿ ಲಾಭ ಕಮ್ಮಿ. ಶುರು ಒಂದೇ ಆಗಿದ್ದು ಕೊನೆ ಬೇರೆಯಾಗುವ ಹೊಡೆತಗಳನ್ನು ಕಲಸಿ. ಶಾರ್ಟ್ ಮತ್ತು ಫ್ಲಿಕ್. ಹಿಂದಿನ ಅಂಗಳದಿಂದ ಟಾಸ್, ಡ್ರಾಪ್, ಸ್ಮ್ಯಾಶ್. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಲಿಯೆಮ್ ಸ್ವೀ ಕಿಂಗ್ ಅವರಂಥ ಸ್ಮ್ಯಾಶ್ ಆಟಗಾರನನ್ನು ಸೋಲಿಸಿದ್ದು ವೇಗದಿಂದಲ್ಲ. ಟಾಸ್ ಬರುತ್ತದೋ ಡ್ರಾಪ್ ಬರುತ್ತದೋ ಅಂತ ಕೊನೆಯವರೆಗೂ ತಿಳಿಯದ ಕೈ ಅದು. ಸಾಲಾಗಿ 30 ಡ್ರಾಪ್ ಹೊಡೆಸಿದರೆ ಮಕ್ಕಳು ಡ್ರಾಪ್‌ಗೆಂದೇ ಒಂದು ಬೇರೆ ಕೈ ಬೆಳೆಸಿಕೊಳ್ಳುತ್ತಾರೆ. ಭುಜ ಮೊದಲೇ ಮೆತ್ತಗಾಗುತ್ತದೆ, ಎದುರಾಳಿ ಅದನ್ನು ಓದುತ್ತಾನೆ. ಕಲಸಿ ಹೊಡೆಸಿದಾಗ ಹೀಗಾಗುವುದು ಕಮ್ಮಿ.

ಮಲ್ಟಿ ಶಟಲ್ ಫೀಡಿಂಗ್‌ನಲ್ಲೂ ಇದನ್ನು ನೋಡಿಕೊಳ್ಳಿ. ಎಷ್ಟೋ ಕಡೆ ಫೀಡಿಂಗ್ ಅಂದರೆ ಒಂದೇ ಮೂಲೆಗೆ, ಒಂದೇ ಎತ್ತರಕ್ಕೆ, ಒಂದೇ ಲಯದಲ್ಲಿ. ಕಾಲು ಮತ್ತು ಉಸಿರಿಗೆ ಅದು ಒಳ್ಳೆಯದು. ಅದಕ್ಕೆಂದೇ ಮಾಡಿಸುವುದಾದರೆ ಮಾಡಿಸಿ. ಡ್ರಾಪ್ ಕಲಿಸುತ್ತಿದ್ದೇನೆ ಅಂದುಕೊಂಡು ಮಾಡಿಸಬೇಡಿ.

ಎಲ್ಲ ಕಲಿತ ಮೇಲೂ ಬ್ಲಾಕ್‌ಗೆ ಮರಳುವ ಸಂದರ್ಭಗಳಿವೆ. ಗ್ರಿಪ್ ಬದಲಿಸುತ್ತಿದ್ದರೆ, ಸರ್ವ್ 1.15 ಮೀಟರ್‌ಗಿಂತ ಮೇಲೆ ತಾಗಿ ಫಾಲ್ಟ್ ಆಗುತ್ತಿದ್ದರೆ, ಗಾಯ ಆಗಿ ವಾಪಸ್ ಬಂದಿದ್ದರೆ, ಹಳೆಯ ಆಕಾರವನ್ನು ಒಡೆದು ಹೊಸದು ಕಟ್ಟುತ್ತಿದ್ದೀರಿ ಅಂತ ಅರ್ಥ. ಕೆಲವು ದಿನ ಸಾಲಾಗಿ ಹೊಡೆಸಿ, ಮತ್ತೆ ಏಣಿ ಹತ್ತಿಸಿ. ಈ ಸಲ ಬೇಗ ಹತ್ತುತ್ತಾರೆ. ಪಂದ್ಯದ ದಿನ ಬೆಳಿಗ್ಗೆಯೂ ಬ್ಲಾಕ್ ಸರಿ. ಆ ಹೊತ್ತಿಗೆ ಏನನ್ನೂ ಕಲಿಸುತ್ತಿಲ್ಲ. ಹಾಲ್‌ನ ಗಾಳಿ, ಶಟಲ್‌ನ ವೇಗ ಕೈಗೆ ಒಗ್ಗಬೇಕು, ಒಂದು ಧೈರ್ಯ ಬರಬೇಕು, ಅಷ್ಟೇ. ಕೊನೆಗೆ ಒಂದು ಏಳೆಂಟು ಕಲಸಿ ಹೊಡೆಸಿ ಮುಗಿಸಿ.

ಇನ್ನು ಅಳತೆ. ಅಭ್ಯಾಸದ ಕೊನೆಯಲ್ಲಿ ಎಷ್ಟು ಸರಿ ಹೋದವು ಅಂತ ಬರೆದಿಟ್ಟ ಅಂಕಿಯನ್ನು ನಾನು ನಂಬುವುದಿಲ್ಲ. ಶೇ ಮತ್ತು ಮಾರ್ಗನ್ ಆ ಅಂಕಿಯಲ್ಲೇ ನಿಲ್ಲಿಸಿದ್ದರೆ ಬ್ಲಾಕ್ ಗೆದ್ದಿತು ಅಂತ ಬರೆದು ಮನೆಗೆ ಹೋಗುತ್ತಿದ್ದರು. ನೀವು ಹೀಗೆ ಮಾಡಿ. ಮುಂದಿನ ಸಲ ಮಕ್ಕಳು ಬಂದಾಗ, ಮೈ ಬಿಸಿ ಮಾಡಿದ ಮೇಲೆ, ಒಂದೂ ಸರ್ವ್ ಅಭ್ಯಾಸ ಮಾಡಿಸದೆ ಎಂಟು ಸರ್ವ್ ಹೊಡೆಸಿ. ನಾಲ್ಕು ಶಾರ್ಟ್, ನಾಲ್ಕು ಫ್ಲಿಕ್, ಚೀಟಿ ಪ್ರಕಾರ. ಎಷ್ಟು ಒಳಗೆ ಬಿದ್ದವು ಬರೆದುಕೊಳ್ಳಿ. ವಾರಕ್ಕೊಂದು ಸಲ ಸಾಕು. ಒಂದು ವಾರದ ಅಂಕಿಗೆ ಬೆಲೆ ಕೊಡಬೇಡಿ, ಎಂಟು ಬಹಳ ಸಣ್ಣ ಎಣಿಕೆ. ನಾಲ್ಕೈದು ವಾರದ್ದನ್ನು ಒಟ್ಟಿಗೆ ನೋಡಿ. ಕೊನೆಯ ಅಂಕಿ ಏರುತ್ತಿದ್ದು ಈ ತಣ್ಣನೆಯ ಅಂಕಿ ನಿಂತಲ್ಲೇ ನಿಂತಿದ್ದರೆ ನೀವು ಬ್ಲಾಕ್‌ನಲ್ಲಿ ಜಾಸ್ತಿ ದಿನ ಉಳಿದಿದ್ದೀರಿ. ಎರಡೂ ಕೆಳಗೇ ಇದ್ದರೆ ಬೇಗ ಕಲಸಿದ್ದೀರಿ, ಒಂದು ಮೆಟ್ಟಿಲು ಇಳಿಯಿರಿ.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದರು: "ಸರ್, ಕಲಸಿ ಮಾಡಿಸಿದರೆ ಮಕ್ಕಳು ಬೇಜಾರಾಗ್ತಾರೆ. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮ, ನಮ್ಮ ಮಗು ಹೋದ ವಾರ ಚೆನ್ನಾಗಿ ಹೊಡೀತಿತ್ತು, ಈಗ ಏನಾಯ್ತು ಅಂತಾರೆ. ಏನು ಹೇಳೋಣ?"

ಇದು ನಿಜವಾದ ತೊಂದರೆ. ಅಪ್ಪ ಅಮ್ಮ ಮಾತ್ರವಲ್ಲ, ಆಡುವವರೇ ಮೋಸ ಹೋಗುತ್ತಾರೆ. 2001ರಲ್ಲಿ ಡೊಮಿನಿಕ್ ಸೈಮನ್ ಮತ್ತು ರಾಬರ್ಟ್ ಬ್ಯೋರ್ಕ್ ಕಲಿಯುವವರನ್ನೇ ಕೇಳಿ ನೋಡಿದರು, ನಾಳೆ ನೀವು ಎಷ್ಟು ಚೆನ್ನಾಗಿ ಮಾಡುತ್ತೀರಿ ಅಂತ. ಬ್ಲಾಕ್ ಮಾಡಿದವರು ನಾಳೆಯೂ ಚೆನ್ನಾಗೇ ಮಾಡುತ್ತೇವೆ ಅಂದುಕೊಂಡಿದ್ದರು. ಮರುದಿನ ಆ ಮಾತು ಸುಳ್ಳಾಯಿತು. ಹಾಗಾಗಿ ಮೊದಲೇ ಹೇಳಿಬಿಡಿ: "ಇನ್ನು ಮೂರು ವಾರ ತಪ್ಪು ಜಾಸ್ತಿ ಕಾಣುತ್ತೆ, ಹೆದರಬೇಡಿ" ಅಂತ. ಆ ತಣ್ಣನೆಯ ಎಂಟರ ಅಂಕಿಯನ್ನು ಗೋಡೆಗೆ ಅಂಟಿಸಿ. ಅಪ್ಪ ಅಮ್ಮ ಅದನ್ನೇ ನೋಡಲಿ.

ಇನ್ನೊಬ್ಬರು ಕ್ರಿಕೆಟ್ ಕೋಚ್. "ನೆಟ್ಸ್‌ನಲ್ಲಿ ನಮ್ಮದು ಯಾವುದು ಸರ್?"

ನಾಲ್ಕು ಬೌಲರ್‌ಗಳು ಸರದಿಯಲ್ಲಿ ಓಡಿ ಬಂದು ಹಾಕುತ್ತಿದ್ದರೆ ನಿಮ್ಮದು ಆಗಲೇ ಕಲಸಿದ್ದು. ಒಂದು ವೇಗ, ಒಂದು ಸ್ಪಿನ್, ಮತ್ತೆ ವೇಗ. ಹೊಸಬನಿಗೆ ಅದೇ ಕಷ್ಟ, ಯಾವ ಚೆಂಡಿನಿಂದಲೂ ಏನನ್ನೂ ತಿದ್ದಿಕೊಳ್ಳಲು ಆಗುವುದಿಲ್ಲ. ಥ್ರೋಡೌನ್ ಇರುವುದು ಅದಕ್ಕೆ. ನಮ್ಮ ಕುಮಟಾದ ರಾಘವೇಂದ್ರ ಅವರು ಭಾರತ ತಂಡಕ್ಕೆ ಸೈಡ್‌ಆರ್ಮ್‌ನಲ್ಲಿ ಹಾಕುವುದನ್ನು ನೋಡಿರುತ್ತೀರಿ. ಸೈಡ್‌ಆರ್ಮ್‌ನಲ್ಲಿ ಬೇಕಾದರೆ ಒಂದೇ ಲೆಂತ್‌ಗೆ ಸಾಲಾಗಿಯೂ ಹಾಕಬಹುದು, ಬೆರೆಸಿಯೂ ಹಾಕಬಹುದು. ಡ್ರೈವ್‌ನ ತಲೆಯ ಜಾಗ ತಿದ್ದುತ್ತಿದ್ದರೆ ಸಾಲಾಗಿ ಹಾಕಿ. ಅದು ಬಂದ ಮೇಲೆ ಫುಲ್, ಗುಡ್ ಲೆಂತ್, ಶಾರ್ಟ್ ಬೆರೆಸಿ. ಬೇಸ್‌ಬಾಲ್‌ನಲ್ಲಿ ಇದಕ್ಕೆ ಒಂದು ಲೆಕ್ಕ ಇದೆ. ಕ್ಯಾಲಿಫೋರ್ನಿಯಾದ ಒಂದು ಕಾಲೇಜು ತಂಡದ ಬ್ಯಾಟರ್‌ಗಳಿಗೆ ವಾರಕ್ಕೆ ಎರಡು ದಿನದಂತೆ ಆರು ವಾರ, ದಿನಕ್ಕೆ 45 ಹೆಚ್ಚುವರಿ ಚೆಂಡು ಕೊಟ್ಟರು. ಫಾಸ್ಟ್‌ಬಾಲ್, ಕರ್ವ್, ಚೇಂಜ್ ಅಪ್ ತಲಾ 15. ಕೊನೆಗೆ ಬೆರೆಸಿ ಹಾಕಿ ಪರೀಕ್ಷಿಸಿದಾಗ ರ್ಯಾಂಡಮ್ ಗುಂಪು ಶೇಕಡಾ 57ರಷ್ಟು ಸುಧಾರಿಸಿತ್ತು, ಬ್ಲಾಕ್ ಗುಂಪು ಶೇಕಡಾ 25. 1994ರ ಅಧ್ಯಯನ ಅದು. ಒಂದು ವಿಷಯ ಗಮನಿಸಿ, ಅವರು ಹೊಸಬರಲ್ಲ. ಬ್ಯಾಟ್ ಬೀಸುವುದು ಆಗಲೇ ಗೊತ್ತಿದ್ದವರು. ರ್ಯಾಂಡಮ್‌ಗೆ ಹೇಳಿ ಮಾಡಿಸಿದ ಗುಂಪು.

ಕೊನೆಯ ಪ್ರಶ್ನೆ ಒಬ್ಬರು ಪಿಇ ಮೇಡಂ ಅವರದು. "ನಮ್ಮಲ್ಲಿ ಎರಡು ಕೋರ್ಟ್, ಇಪ್ಪತ್ತು ಮಕ್ಕಳು, ನಲವತ್ತು ನಿಮಿಷ. ಕೆಲವರಿಗೆ ಏನೂ ಬರಲ್ಲ, ಕೆಲವರು ಕ್ಲಬ್‌ಗೆ ಹೋಗ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಮೆಟ್ಟಿಲು ಹೇಗೆ ಮಾಡೋದು?"

ಒಂದು ಕೋರ್ಟನ್ನು ಬ್ಲಾಕ್‌ಗೆ ಇಡಿ ಮೇಡಂ, ಇನ್ನೊಂದನ್ನು ರ್ಯಾಂಡಮ್‌ಗೆ. ಬ್ಲಾಕ್ ಕೋರ್ಟ್‌ನಲ್ಲಿ ನೆಟ್‌ನ ಎರಡೂ ಕಡೆ ಐದೈದು ಜನ, ಎರಡೂ ಕಡೆಯಿಂದ ಸರ್ವ್. ಒಬ್ಬರು ಐದು ಶಾರ್ಟ್ ಹೊಡೆದು ಸಾಲಿನ ಹಿಂದಕ್ಕೆ ಹೋಗಲಿ. ಅವರ ಸರದಿ ಮತ್ತೆ ಬರುವ ಹೊತ್ತಿಗೆ ನಾಲ್ಕೈದು ನಿಮಿಷ ಆಗಿರುತ್ತದೆ, ಅಷ್ಟರಲ್ಲಿ ಸ್ವಲ್ಪ ಮರೆತಿರುತ್ತದೆ, ಪರವಾಗಿಲ್ಲ. ಇನ್ನೊಂದು ಕೋರ್ಟ್‌ನಲ್ಲಿ ಚೀಟಿ, ಒಬ್ಬ ರಿಸೀವರ್, ಮೂರು ಹೊಡೆತದ ರ್‍ಯಾಲಿ. ಬ್ಲಾಕ್ ಕೋರ್ಟ್‌ನಲ್ಲಿ ಯಾರಾದರೂ ತಮ್ಮ ಐದರಲ್ಲಿ ಮೊದಲ ಶಟಲನ್ನು ಸತತ ಎರಡು ಸರದಿ ಒಳಗೆ ಹಾಕಿದರೆ ಅವರನ್ನು ರ್ಯಾಂಡಮ್ ಕೋರ್ಟ್‌ಗೆ ಕಳಿಸಿ. ಅಲ್ಲಿ ಸಾಲಾಗಿ ನಾಲ್ಕು ತಪ್ಪಿದವರು ಈ ಕಡೆ ಬರಲಿ. ಬಂದವರಿಗೆ ಶಿಕ್ಷೆ ಅನ್ನಿಸಬಾರದು, ಅದನ್ನು ನೀವೇ ನೋಡಿಕೊಳ್ಳಬೇಕು. ದಾರ ಮಾತ್ರ ಎರಡೂ ಕೋರ್ಟ್‌ಗೆ ಕಟ್ಟಿ. ಹಳೆಯ ಟ್ವೈನ್ ದಾರ ಸಾಕು, ಮಕ್ಕಳ ಕಣ್ಣಿಗೆ ಕಾಣುವಂತೆ ಮೇಲೆ ಎರಡು ಮೂರು ಬಣ್ಣದ ಬಟ್ಟೆ ಚೂರು ಕಟ್ಟಿದರೆ ಆಯಿತು.